ಪೇಟೆಯ ಧಾರಣೆಯನ್ನು ಮೊಬೈಲಿಗೆ ತರಿಸಿಕೊಳ್ಳುವ ಕ್ರಮ

ಅಡಿಕೆ, ಮೆಣಸು ಮೊದಲಾದ ಒಣಗಿಸಿ ಇಡಬಹುದಾದ ಫಸಲನ್ನು ಬೆಳೆಯುವವರಿಗೆ ಒಂದು ಅನುಕೂಲವುಂಟು, ಒಂದು ಸಂಕಟವೂ ಉಂಟು. ಮಾಲನ್ನು ಉಗ್ರಾಣದಲ್ಲಿಟ್ಟುಕೊಂಡು ಧಾರಣೆ ಬಂದಾಗ ಮಾರಬಹುದೆಂಬುದು ಅನುಕೂಲ. ಧಾರಣೆಯು ಯಾವಾಗ ಬಂದಿತೆಂದು ದಿನವೂ ವಿಚಾರಿಸುತ್ತಲೇ ಇರಬೇಕೆಂಬುದು ಸಂಕಟ. ಈಗ ಮಾರುಕಟ್ಟೆಗಳ ಧಾರಣೆಯು ಅಂತರ್ಜಾಲದ ಪುಟಗಳಲ್ಲಿ ಪ್ರಕಟವಾಗುತ್ತಿರುವುದಾದರೂ, ತೋಟದ ಕೆಲಸದಲ್ಲಿರುವವನು ದಿನಕ್ಕೆ ನಾಲ್ಕಾರು ಸಲ ಆ ಪುಟವನ್ನು ತೆರೆದು ನೋಡುವುದು ಆಗಿಬರುವ ಮಾತಲ್ಲ. ಈ ಕೆಲಸವನ್ನು ಒಂದು ಕಂಪ್ಯೂಟರಿಗೆ ವಹಿಸಿ, ಬೇಕಾದ ಸಮಾಚಾರವನ್ನು ಮಾತ್ರ ಮೊಬೈಲಿಗೆ ತರಿಸಿಕೊಳ್ಳುವ ಕ್ರಮವೊಂದಿದೆ. ಅದನ್ನೂ, ಅದು ಕೈಕೊಡುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಇದಕ್ಕೆ ಎರಡು ಅಂಗಗಳು. ಮೊದಲನೆಯದು ಸ್ಕ್ರೇಪರ್. ಇದು ಗೊತ್ತಾದ ಹೊತ್ತಿಗೆ ಧಾರಣೆಯ ಪುಟವನ್ನು ತರಿಸಿ, ಅದರೊಳಗಿನ ಕೋಷ್ಟಕದಿಂದ ನಮಗೆ ಬೇಕಾದ ಅಂಕಿಯನ್ನು ಮಾತ್ರ ಎತ್ತಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಂ. ಎರಡನೆಯದು ಬಾಟ್. ಇದು ಟೆಲಿಗ್ರಾಂ ಎಂಬ ಸಂದೇಶದ ಆಪ್‌ನಲ್ಲಿ ಮನುಷ್ಯನಿಗೆ ಬದಲಾಗಿ ಯಂತ್ರವು ನಡೆಸುವ ಖಾತೆ. ಟೆಲಿಗ್ರಾಂ ಎಂದೊಡನೆ ಹಿರಿಯರಿಗೆ ತಂತಿಯ ನೆನಪಾಗಬಹುದು. ಆ ತಂತಿಸೇವೆಯು ನಮ್ಮ ದೇಶದಲ್ಲಿ 2013ನೆಯ ಇಸವಿ ಜುಲೈ ತಿಂಗಳಲ್ಲಿ ನಿಂತುಹೋಯಿತು. ಇದು ಹೆಸರಿನಲ್ಲಿ ಮಾತ್ರ ಅದರ ಬಳಗ. ವಾಟ್ಸಾಪ್ ಮೂಲಕವೂ ಇಂಥ ಸಂದೇಶಗಳನ್ನು ಕಳುಹಿಸಬಹುದು. ಆದರೆ ಅಲ್ಲಿ ವ್ಯಾಪಾರದ ಖಾತೆಯನ್ನು ಮಾಡಿಸಿ, ಸಂದೇಶದ ನಮೂನೆಯನ್ನು ಮೊದಲೇ ಮಂಜೂರು ಮಾಡಿಸಿಕೊಳ್ಳಬೇಕಾಗುತ್ತದೆ. ಟೆಲಿಗ್ರಾಂನಲ್ಲಿ ಈ ತೊಡಕಿಲ್ಲ, ವೆಚ್ಚವೂ ಇಲ್ಲ.

ಬಾಟನ್ನು ಪಡೆಯುವುದು ಕಷ್ಟವಲ್ಲ. ಟೆಲಿಗ್ರಾಂನಲ್ಲಿ `@BotFather` ಎಂಬ ಖಾತೆಯನ್ನು ಹುಡುಕಿ, ಅದಕ್ಕೆ `/newbot` ಎಂದು ಬರೆಯತಕ್ಕದ್ದು. ಅದು ಕೇಳಿದಂತೆ ಹೆಸರನ್ನು ಕೊಟ್ಟರೆ ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಉದ್ದನೆಯ ಟೋಕನ್ ಬರುತ್ತದೆ. ಇದು ಉಗ್ರಾಣದ ಬೀಗದಕೈ ಇದ್ದಂತೆ. ಯಾರ ಕೈಗೆ ಸಿಕ್ಕಿದರೂ ಅವರು ನಿಮ್ಮ ಬಾಟಿನ ಹೆಸರಿನಲ್ಲಿ ಸುಳ್ಳು ಧಾರಣೆಯನ್ನು ಕಳುಹಿಸಬಲ್ಲರು. ಅದು ಬಯಲಾಯಿತೆಂದು ಸಂಶಯ ಬಂದರೆ ಅಲ್ಲಿಯೇ `/revoke` ಎಂದು ಬರೆದು ಹಳೆಯದನ್ನು ರದ್ದುಪಡಿಸಿ, ಹೊಸದನ್ನು ಪಡೆಯಬಹುದು.

ಅನಂತರ ಸಮಾಚಾರವು ಯಾರಿಗೆ ಹೋಗಬೇಕೋ ಅವರು ತಮ್ಮ ಮೊಬೈಲಿನಲ್ಲಿ ಆ ಬಾಟನ್ನು ತೆರೆದು Start ಎಂಬುದನ್ನು ಒತ್ತಬೇಕು. ಅನೇಕರು ಇದನ್ನು ಮರೆತು, ಸಂದೇಶ ಬರಲಿಲ್ಲವೆಂದು ದೂರುತ್ತಾರೆ. ಯಾವ ಬಾಟೂ ತಾನಾಗಿ ಮೊದಲು ಮಾತನಾಡಿಸಕೂಡದೆಂಬುದು ಅಲ್ಲಿಯ ನಿಯಮ. ಅವರು ಒಂದು ಮಾತು ಬರೆದ ಮೇಲೆ, 24 ಗಂಟೆಗಳೊಳಗಾಗಿ `getUpdates` ಎಂಬ ಕೋರಿಕೆಯನ್ನು ಕಳುಹಿಸಿದರೆ, ಬಂದ ಉತ್ತರದಲ್ಲಿ ಅವರ `chat id` ಎಂಬ ಸಂಖ್ಯೆಯು ಕಾಣುತ್ತದೆ. ಟೋಕನ್ನೂ ಈ ಸಂಖ್ಯೆಯೂ ಇದ್ದರೆ ಸಂದೇಶವನ್ನು ಕಳುಹಿಸುವುದು ಇಷ್ಟೇ:

```
curl -s "https://api.telegram.org/bot$TOKEN/sendMessage" \
  -d chat_id="$CHAT_ID" \
  --data-urlencode "text=ರಾಶಿ 50,200"
```

ಉತ್ತರದಲ್ಲಿ `"ok":true` ಎಂದಿದ್ದರೆ ಸಂದೇಶವನ್ನು ಟೆಲಿಗ್ರಾಂ ಸ್ವೀಕರಿಸಿದೆಯೆಂದು ತಿಳಿಯತಕ್ಕದ್ದು.

ಇಷ್ಟನ್ನು ಊರಿನ ಯಾವ ಕಾಲೇಜು ಹುಡುಗನಾದರೂ ಒಂದು ಸಂಜೆಯಲ್ಲಿ ಮಾಡಿಕೊಟ್ಟಾನು. ತೊಂದರೆಯು ಪ್ರಾರಂಭವಾಗುವುದು ಆಮೇಲೆ. ನಮ್ಮ ಪರಿಚಯದ ಮಲೆನಾಡಿನ ತೋಟಗಾರರೊಬ್ಬರಿಗೆ ಸಂಭವಿಸಿದುದನ್ನು ಹೇಳಿದರೆ ಸಂಗತಿಯು ಸ್ಪಷ್ಟವಾಗುವುದು.

ಇವರ ಉಗ್ರಾಣದಲ್ಲಿ 12 ಕ್ವಿಂಟಲ್ ರಾಶಿ ಅಡಿಕೆಯಿದ್ದಿತು. ಧಾರಣೆಯು 50,000 ರೂಪಾಯಿಗೆ ಮುಟ್ಟಿದರೆ ಮಾರುವುದೆಂದು ಅವರು ಗೊತ್ತುಮಾಡಿಕೊಂಡಿದ್ದರು. ಮಗನು ಒಂದು ಸ್ಕ್ರೇಪರನ್ನು ಬರೆದು ಮನೆಯ ಸಣ್ಣ ಕಂಪ್ಯೂಟರಿನಲ್ಲಿ ಇಟ್ಟಿದ್ದನು. ಅದು ಹಗಲು ಹನ್ನೊಂದರಿಂದ ಸಂಜೆ ಏಳೂವರೆಯವರೆಗೆ ಅರ್ಧ ಗಂಟೆಗೊಮ್ಮೆ ಪುಟವನ್ನು ಓದಿ, ಕೋಷ್ಟಕದಲ್ಲಿ ರಾಶಿಯ ಸಾಲಿನ ಐದನೆಯ ಮನೆಯಲ್ಲಿರುವ ಅಂಕಿಯು 50,000ಕ್ಕೆ ಕಡಿಮೆಯಿಲ್ಲದಿದ್ದರೆ ಸಂದೇಶ ಕಳುಹಿಸುವಂತೆ ಏರ್ಪಾಟಾಗಿದ್ದಿತು. ಮೊದಲನೆಯ ತಿಂಗಳು ಪರೀಕ್ಷಾರ್ಥವಾಗಿ ಮಿತಿಯನ್ನು ಇಳಿಸಿ ನೋಡಿದಾಗ ಸಂದೇಶವು ಸರಿಯಾಗಿಯೇ ಬಂದಿತು. ಅನಂತರ ಹನ್ನೊಂದು ದಿನಗಳವರೆಗೆ ಮೊಬೈಲು ಸದ್ದು ಮಾಡಲಿಲ್ಲ. ಹನ್ನೆರಡನೆಯ ದಿನ ಇವರು ಬೇರೆ ಕಾರ್ಯದ ಮೇಲೆ ಪೇಟೆಗೆ ಹೋದಾಗ, ಧಾರಣೆಯು ನಡುವೆ ಮೂರು ದಿನ 50,200ರಲ್ಲಿ ನಿಂತು ಮತ್ತೆ ಇಳಿದಿದೆಯೆಂದು ದಲಾಲರಿಂದ ತಿಳಿಯಿತು. ಮನೆಯಲ್ಲಿ ಮದುವೆಯ ವೆಚ್ಚವು ಕಾದಿದ್ದುದರಿಂದ 47,900ಕ್ಕೆ ಮಾರಬೇಕಾಯಿತು. ಕ್ವಿಂಟಲಿಗೆ 2,300ರಂತೆ 27,600 ರೂಪಾಯಿ ಕಡಿಮೆ ಬಂದಿತು. "ಫೋನು ಸುಮ್ಮನಿದೆಯಲ್ಲ, ಧಾರಣೆ ಏರಿಲ್ಲವೆಂದೇ ಎಣಿಸಿದ್ದೆ ಸ್ವಾಮಿ" ಎಂದು ಅವರು ನಮ್ಮೊಡನೆ ಹೇಳಿದರು.

ಮಗನು ಪರೀಕ್ಷಿಸಿದಾಗ ಕಾರಣವು ಹೊರಬಿದ್ದಿತು. ಪುಟವನ್ನು ನಡೆಸುವವರು ಕೋಷ್ಟಕಕ್ಕೆ ಆವಕದ ಮೂಟೆಗಳ ಸಂಖ್ಯೆಯನ್ನು ತೋರಿಸುವ ಒಂದು ಕಲಮನ್ನು ಹೊಸದಾಗಿ ಸೇರಿಸಿದ್ದರು. ಇದರಿಂದ ಧಾರಣೆಯು ಆರನೆಯ ಮನೆಗೆ ಸರಿದು, ಐದನೆಯದರಲ್ಲಿ ಮೂಟೆಗಳ ಸಂಖ್ಯೆ ಬಂದು ಕುಳಿತಿತ್ತು. ಪ್ರೋಗ್ರಾಂ ದಿನಕ್ಕೆ 18 ಸಲವೂ ತಪ್ಪದೆ 612, 540 ಎಂದು ಮೂಟೆಗಳನ್ನು ಓದುತ್ತ, ಇವು 50,000ಕ್ಕೆ ಕಡಿಮೆಯೆಂದು ತೀರ್ಮಾನಿಸಿ ಸುಮ್ಮನಾಗುತ್ತಿದ್ದಿತು. ಎಲ್ಲಿಯೂ ತಪ್ಪೆಂಬ ವರದಿಯೇ ಹುಟ್ಟಲಿಲ್ಲ. ಪುಟವು ತೆರೆಯದೆ ಹೋಗಿದ್ದರೆ ಪ್ರೋಗ್ರಾಂ ಮುರಿದು ಬಿದ್ದು, ಯಾರಿಗಾದರೂ ತಿಳಿಯುತ್ತಿದ್ದಿತು. ಸರಿಯಾಗಿ ನಡೆಯುತ್ತಲೇ ತಪ್ಪನ್ನು ಓದುವ ಪ್ರೋಗ್ರಾಮೇ ಹೆಚ್ಚು ಹಾನಿಕರವಾದದ್ದು.

ಇದಕ್ಕೆ ಅವನು ಮಾಡಿದ ತಿದ್ದುಪಡಿಗಳು ಎಲ್ಲರಿಗೂ ಉಪಯುಕ್ತವಾದುವು. ಮನೆಯನ್ನು ಎಣಿಕೆಯಿಂದ ಗುರುತಿಸುವುದನ್ನು ಬಿಟ್ಟು, ಕೋಷ್ಟಕದ ತಲೆಸಾಲಿನಲ್ಲಿ "ಸಾಮಾನ್ಯ ಧಾರಣೆ" ಎಂಬ ಹೆಸರು ಎಲ್ಲಿದೆಯೋ ಆ ಕಲಮನ್ನೇ ಓದುವಂತೆ ಮಾಡಿದನು. ಹೆಸರು ಸಿಕ್ಕದಿದ್ದರೆ ಸುಮ್ಮನಾಗದೆ, "ಪುಟದ ರೂಪ ಬದಲಾಗಿದೆ, ನೋಡಿ" ಎಂಬ ಸಂದೇಶ ಬರುವುದು. ಓದಿದ ಅಂಕಿಯು ನಂಬತಕ್ಕದ್ದೋ ಎಂದೂ ಪರೀಕ್ಷೆಯುಂಟು. ರಾಶಿ ಅಡಿಕೆಯ ಧಾರಣೆಯು 20,000ಕ್ಕೆ ಕಡಿಮೆಯಾಗಿ ಕಂಡರೆ ಅದನ್ನು ಧಾರಣೆಯೆಂದೆಣಿಸದೆ ದೋಷವೆಂದೇ ವರದಿ ಮಾಡುವುದು. ಅಂಕಿಯ ನಡುವಿನ ಅಲ್ಪವಿರಾಮದಿಂದಲೂ ಇಂಥ ದೋಷ ಬರುವುದುಂಟು. 48,500 ಎಂಬುದನ್ನು ಕೆಲವು ಕಂಪ್ಯೂಟರ್ ಭಾಷೆಗಳು ಅಲ್ಪವಿರಾಮದ ಬಳಿ ನಿಂತು 48 ಎಂದೇ ಓದುತ್ತವೆ. ಆದುದರಿಂದ ಆ ಚಿಹ್ನೆಯನ್ನು ಮೊದಲೇ ತೆಗೆದುಹಾಕತಕ್ಕದ್ದು. ರಾಶಿಯ ಸಾಲೇ ಇಲ್ಲದಿರುವುದು ಮಾತ್ರ ದೋಷವಲ್ಲ. ಮಾರುಕಟ್ಟೆಗೆ ರಜವಿದ್ದ ದಿನ ಹಾಗೆ ಆಗಬಹುದು.

ತಾರೀಖಿನ ವಿಷಯವನ್ನೂ ಅಲಕ್ಷಿಸಕೂಡದು. ರಜದ ದಿನ ಕೆಲವು ಪುಟಗಳು ಹಿಂದಿನ ವ್ಯಾಪಾರದ ಧಾರಣೆಯನ್ನೇ ತೋರಿಸುತ್ತಿರುತ್ತವೆ. ಅದನ್ನು ಇಂದಿನದೆಂದು ನಂಬಿ ಗಾಡಿ ಕಟ್ಟಿಸಿದವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಆದುದರಿಂದ ಪ್ರತಿಯೊಂದು ಸಂದೇಶದಲ್ಲಿಯೂ ಧಾರಣೆಯ ಜೊತೆಗೆ ಪುಟದಲ್ಲಿರುವ ತಾರೀಖನ್ನು ಬರೆಯಿಸತಕ್ಕದ್ದು. ತಾರೀಖು, ತಳಿ, ಧಾರಣೆ ಈ ಮೂರನ್ನೂ ಒಂದು ಕಡತದಲ್ಲಿ ಉಳಿಸಿ, ಮುಂದಿನ ಸಲ ಅದೇ ಬಂದರೆ ಸಂದೇಶ ಕಳುಹಿಸದಂತೆ ಮಾಡಬೇಕು. ಇಲ್ಲದಿದ್ದರೆ ಒಂದೇ ಧಾರಣೆಯು ದಿನಕ್ಕೆ ಹದಿನೆಂಟು ಸಲ ಬಂದು, ನಾಲ್ಕನೆಯ ದಿನಕ್ಕೆ ಯಜಮಾನರು ಆ ಬಾಟಿನ ಸದ್ದನ್ನೇ ಅಡಗಿಸಿಬಿಡುತ್ತಾರೆ. ಇಲ್ಲೊಂದು ಸೂಕ್ಷ್ಮವುಂಟು: `"ok":true` ಎಂಬ ಉತ್ತರ ಬಂದ ಮೇಲೆಯೇ ಕಡತದಲ್ಲಿ ಬರೆಯತಕ್ಕದ್ದು. ಮೊದಲೇ ಬರೆದಿಟ್ಟು, ಆ ಕ್ಷಣದಲ್ಲಿ ಸಂಪರ್ಕ ಕಡಿದುಹೋದರೆ, ತಿಳಿಸಿಯಾಯಿತೆಂದು ಪ್ರೋಗ್ರಾಂ ಭಾವಿಸುತ್ತದೆ, ನಿಮಗೆ ಮಾತ್ರ ಏನೂ ತಿಳಿದಿರುವುದಿಲ್ಲ. ಒಂದು ಸಂದೇಶವು ಎರಡು ಸಲ ಬಂದರೆ ನಷ್ಟವಿಲ್ಲ.

ಇಷ್ಟಾದರೂ ಕಂಪ್ಯೂಟರೇ ನಿಂತುಹೋದರೆ ದೋಷದ ವರದಿಯನ್ನು ಕಳುಹಿಸುವವರಾರು? ಹಳ್ಳಿಗಳಲ್ಲಿ ವಿದ್ಯುತ್ತು ಹೋಗಿಬರುವುದು ಹೊಸದಲ್ಲ. ಇದಕ್ಕೆ ಉಪಾಯವೇನೆಂದರೆ, ಪ್ರತಿದಿನವೂ ಬೆಳಗ್ಗೆ ಎಂಟು ಗಂಟೆಗೆ ಬಾಟು ಒಂದು ಸಂದೇಶವನ್ನು ಕಡ್ಡಾಯವಾಗಿ ಕಳುಹಿಸುವುದು: "ನಿನ್ನೆ 18 ಸಲ ನೋಡಿದೆ, ಕೊನೆಯ ಧಾರಣೆ 48,100." ಕಳುಹಿಸುವಾಗ `disable_notification=true` ಎಂದು ಸೇರಿಸಿದರೆ ಅದು ಸದ್ದಿಲ್ಲದೆ ಬಂದು ಕುಳಿತಿರುತ್ತದೆ. ಕಾಫಿಯ ಹೊತ್ತಿಗೆ ಅದು ಕಾಣದಿದ್ದರೆ ಯಂತ್ರವು ನಿಂತಿದೆಯೆಂದು ಅರ್ಥ. 18ಕ್ಕೆ ಬದಲಾಗಿ 7 ಎಂದಿದ್ದರೆ ನಡುವೆ ವಿದ್ಯುತ್ತೋ ಸಂಪರ್ಕವೋ ಹೋಗಿತ್ತೆಂದು ತಿಳಿಯುವುದು. ಓದುವ ವೇಳೆಯನ್ನು ಗೊತ್ತುಪಡಿಸಲು ಲಿನಕ್ಸ್ ಕಂಪ್ಯೂಟರಿನ `cron` ಎಂಬ ಸೌಕರ್ಯದಲ್ಲಿ ಹೀಗೆ ಬರೆಯಲಾಗಿದೆ:

```
*/30 11-19 * * *  /home/pi/dharane.sh
0 8 * * *         /home/pi/belagu.sh
```

ಅರ್ಧ ಗಂಟೆಗೊಮ್ಮೆ ಎಂಬುದೇ ಧಾರಾಳವಾಯಿತು. ದಿನಕ್ಕೆ ಒಂದೆರಡು ಸಲ ಮಾತ್ರ ಬದಲಾಗುವ ಪುಟವನ್ನು ನಿಮಿಷಕ್ಕೊಮ್ಮೆ ತರಿಸುವುದು ಆ ತಾಣಕ್ಕೆ ಹೊರೆ. ಅವರು ನಿಮಗೆ ಬಾಗಿಲು ಮುಚ್ಚಿದರೆ ತಪ್ಪೆನ್ನಲಾಗದು. ತಾಣದವರ ನಿಬಂಧನೆಗಳನ್ನು ಮೊದಲೇ ಓದತಕ್ಕದ್ದು. ಅದಕ್ಕೂ ಮೊದಲು, ಅದೇ ಸಮಾಚಾರವು ನೇರವಾಗಿ ದೊರೆಯುವುದೇ ಎಂದು ವಿಚಾರಿಸುವುದು ಉತ್ತಮ. ಭಾರತ ಸರ್ಕಾರದ `data.gov.in` ತಾಣದಲ್ಲಿ ಹೆಸರು ನೋಂದಾಯಿಸಿ ಕೀಲಿಯನ್ನು ಪಡೆದವರಿಗೆ ಮಂಡಿಗಳ ಧಾರಣೆಯು `min_price`, `max_price`, `modal_price` ಎಂಬ ಹೆಸರುಗಳುಳ್ಳ ಅಂಕಣಗಳಲ್ಲಿ ಸಿಕ್ಕುತ್ತದೆ. ಅಲ್ಲಿ ಕೋಷ್ಟಕದ ಮನೆಗಳನ್ನು ಎಣಿಸುವ ತೊಂದರೆಯಿಲ್ಲ. ನಿಮ್ಮ ಪೇಟೆಯ ಧಾರಣೆಯು ಅಲ್ಲಿಗೆ ತಡವಾಗಿ ಬರುವುದೇ ಎಂಬುದನ್ನು ಮಾತ್ರ ಒಂದೆರಡು ವಾರ ಪಕ್ಕದಲ್ಲಿಟ್ಟು ಹೋಲಿಸಿ ನೋಡತಕ್ಕದ್ದು.

ಗ್ರಾಮದ ಮುಖಂಡರು ಇದನ್ನು ಊರಿಗೆಲ್ಲ ಒದಗಿಸಬೇಕೆಂದಿದ್ದರೆ ಟೆಲಿಗ್ರಾಂ ಗುಂಪೊಂದನ್ನು ಮಾಡಿ, ಬಾಟನ್ನು ಅದರಲ್ಲಿ ಸೇರಿಸಬಹುದು. ಗುಂಪಿನ `chat id` ಸಂಖ್ಯೆಗೆ ಮುಂದೆ ಋಣಚಿಹ್ನೆ ಇರುತ್ತದೆ. ಅದನ್ನು ಬಿಟ್ಟು ಬರೆದರೆ ಸಂದೇಶ ಹೋಗದು. ಸಾಮಾನ್ಯ ಗುಂಪನ್ನು ಟೆಲಿಗ್ರಾಂ ದೊಡ್ಡ ಗುಂಪಾಗಿ ಮಾರ್ಪಡಿಸಿದಾಗ ಈ ಸಂಖ್ಯೆಯೇ ಬದಲಾಗಿಬಿಡುತ್ತದೆ. ಆಗ ದೋಷದ ಉತ್ತರದಲ್ಲಿ `migrate_to_chat_id` ಎಂಬಲ್ಲಿ ಹೊಸ ಸಂಖ್ಯೆಯು ಬರುವುದರಿಂದ, ಉತ್ತರವನ್ನು ಓದದೆ ಎಸೆಯುವ ಪ್ರೋಗ್ರಾಂ ಇಲ್ಲಿಯೂ ಮೌನವಾಗುತ್ತದೆ.

ಮೇಲೆ ಹೇಳಿದ ತೋಟಗಾರರ ಮನೆಯಲ್ಲಿ ಈ ಏರ್ಪಾಟು ಈಗಲೂ ನಡೆಯುತ್ತಿದೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಎಂಟರ ಸಂದೇಶವು ಬರಲಿಲ್ಲ. ಯಜಮಾನರು ಎದ್ದು ಹೋಗಿ ನೋಡಲು, ಗುಡಿಸುವಾಗ ಕಂಪ್ಯೂಟರಿನ ತಂತಿಯು ಪ್ಲಗ್ಗಿನಿಂದ ಕಳಚಿಬಿದ್ದಿದ್ದಿತು. ಅದನ್ನು ಸಿಕ್ಕಿಸಿ ಅವರು ತೋಟಕ್ಕೆ ನಡೆದರು.