ವಿಚಾರಣಾ ವರದಿಯ ಪ್ರತಿ ಕೇಳುವ ಪತ್ರ

ಆರೋಪ ಸಾಬೀತಾಗಿದೆ, ಕೆಲಸದಿಂದ ಏಕೆ ತೆಗೆಯಬಾರದು ಎಂದು ಕಂಪನಿ ನೋಟಿಸ್ ಕೊಟ್ಟಿದೆ. ವಿಚಾರಣಾಧಿಕಾರಿ ಬರೆದ ವರದಿಯನ್ನು ಮಾತ್ರ ನೌಕರ ಕಣ್ಣಾರೆ ಕಂಡಿಲ್ಲ. ಆಗ ಗಾಬರಿಯಲ್ಲಿ ಸಮಜಾಯಿಷಿ ಬರೆದುಕೊಡುವುದು ಅಪಾಯ. ಮೊದಲು ಎಚ್‌ಆರ್‌ಗೆ ಪತ್ರ ಹೋಗಬೇಕು.

ಇದಕ್ಕೆ ಆಧಾರ, 1993ರಲ್ಲಿ ಇಸಿಐಎಲ್ ಮತ್ತು ಬಿ. ಕರುಣಾಕರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು. ಶಿಕ್ಷೆ ವಿಧಿಸುವವರೇ ವಿಚಾರಣೆ ನಡೆಸದಿದ್ದರೆ, ಅವರು ತೀರ್ಮಾನಕ್ಕೆ ಬರುವ ಮೊದಲೇ ವರದಿಯ ಪ್ರತಿ ನೌಕರನಿಗೆ ಸಿಗಬೇಕು. ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ.

ಪತ್ರದಲ್ಲಿ 'ಎಲ್ಲ ದಾಖಲೆ ಕೊಡಿ' ಎಂದರೆ ಸಾಲದು. ಹೀಗೆ ಬರೆಯಬಹುದು: "ವಿಚಾರಣಾ ವರದಿ, ಸಾಕ್ಷಿಗಳ ಹೇಳಿಕೆ, ನಡಾವಳಿಯ ಪ್ರತಿ ಕೊಡಿ. ನನ್ನ ಕೆಲಸ ಕಳಪೆ ಎಂದು ಆರೋಪಪಟ್ಟಿ ಹೇಳುವುದರಿಂದ ಕಳೆದ ಮೂರು ವರ್ಷಗಳ ಅಪ್ರೈಸಲ್ ದಾಖಲೆಯೂ ಬೇಕು. ಅವು ಕೈಸೇರಿದ ಮೇಲೆ ಉತ್ತರಿಸಲು ಹದಿನೈದು ದಿನ ಕೊಡಿ." ಅಪ್ರೈಸಲ್ ಏಕೆ ಬೇಕೆಂಬ ಕಾರಣವನ್ನು ಬಿಡಬಾರದು, ಮೂರೂ ವರ್ಷ 'ಉತ್ತಮ' ಎಂದಿದ್ದರೆ ಆರೋಪದ ಬುಡವೇ ಅಲುಗುತ್ತದೆ. ಸರ್ಕಾರಿ ನೌಕರರಿಗಾದರೆ ವಾರ್ಷಿಕ ವರದಿಯ ಪ್ರತಿಯೊಂದು ಷರಾವನ್ನೂ ತಿಳಿಸಲೇಬೇಕೆಂದು 2008ರ ದೇವ್ ದತ್ ತೀರ್ಪು ಹೇಳಿದೆ.

ಪ್ರತಿ ಕೊಡಲಿಲ್ಲ ಎಂದಮಾತ್ರಕ್ಕೆ ವಜಾ ಆದೇಶ ತಾನಾಗಿ ಬಿದ್ದುಹೋಗುವುದಿಲ್ಲ. ಅದರಿಂದ ತನ್ನ ವಾದಕ್ಕೆ ಏನು ಧಕ್ಕೆಯಾಯಿತೆಂದು ನೌಕರ ತೋರಿಸಬೇಕು. ಆದ್ದರಿಂದ ಯಾವ ಕಾಗದ ಯಾವ ಆರೋಪಕ್ಕೆ ಉತ್ತರ ಕೊಡಲು ಬೇಕೆಂದು ಪತ್ರದಲ್ಲೇ ನಮೂದಿಸಿ, ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಬೇಕು.