ಮೇಲಿನ ಮನೆಯ ಸದ್ದು: ದೂರಿನಲ್ಲಿ ಏನಿರಬೇಕು?

"ಮೇಲಿನ ಮನೆಯವರು ಬೇಕಂತಲೇ ರಾತ್ರಿಯೆಲ್ಲ ಗಲಾಟೆ ಮಾಡುತ್ತಾರೆ" ಎಂದು ಬರೆದರೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ವಿಚಾರಿಸಲು ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: "ಸೋಮವಾರ ರಾತ್ರಿ 11.20ರಿಂದ 11.45. ಮಲಗುವ ಕೋಣೆಯ ಮೇಲೆ ಭಾರದ ವಸ್ತು ಎಳೆದಂಥ ಸದ್ದು, ನಾಲ್ಕು ಬಾರಿ. ಮಗು ಎದ್ದುಬಿಟ್ಟಿತು." ತಾರೀಖನ್ನೂ ಸೇರಿಸಿ.

"ಎಳೆದರು" ಎನ್ನದೆ "ಎಳೆದಂಥ" ಎಂದಿರುವುದಕ್ಕೆ ಕಾರಣವಿದೆ. ನೆಲಕ್ಕೆ ಬಿದ್ದ ಪೆಟ್ಟು ಕಾಂಕ್ರೀಟಿನೊಳಗೇ ಹರಿದು ಕಂಬ, ಗೋಡೆಗಳಿಗೂ ದಾಟುತ್ತದೆ. ನೆತ್ತಿಯ ಮೇಲೆ ಕೇಳಿಸಿದ್ದು ಪಕ್ಕದ ಮನೆಯದ್ದೋ ಎರಡು ಮಹಡಿ ಮೇಲಿನದ್ದೋ ಆಗಿರಬಹುದು. ಹಾಗಾಗಿ ಕೇಳಿದ್ದನ್ನಷ್ಟೇ ಬರೆಯಿರಿ, ಯಾರು ಯಾಕೆ ಮಾಡಿದರೆಂಬ ಊಹೆ ಬೇಡ. ಊಹೆ ಒಂದು ಸುಳ್ಳಾದರೂ ಉಳಿದ ಸಾಲುಗಳ ಬೆಲೆ ಹೋಗುತ್ತದೆ.

ಎರಡು ವಾರದ ಇಂಥ ಟಿಪ್ಪಣಿಯಲ್ಲಿ ಸದ್ದಿನ ಹೊತ್ತು ತಾನಾಗಿ ಕಾಣಿಸುತ್ತದೆ. ಫೋನಿನ ಆ್ಯಪ್ ತೋರಿಸುವ ಡೆಸಿಬಲ್ ಲೆಕ್ಕವನ್ನು ಸಾಕ್ಷಿಯೆಂದು ನಂಬಬೇಡಿ. ಫೋನಿನಿಂದ ಫೋನಿಗೆ ಅದು ಬದಲಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ನಿಮ್ಮ ಟಿಪ್ಪಣಿಯಲ್ಲಿ ಈ ಅವಧಿಯ ಸಾಲುಗಳಿಗೆ ಗುರುತು ಹಾಕಿ.

ಕೊನೆಗೆ ಬೇಡಿಕೆ. "ಕ್ರಮ ಕೈಗೊಳ್ಳಿ" ಎಂದರೆ ಸಾಲದು. ಕುರ್ಚಿ, ಮಂಚದ ಕಾಲಿಗೆ ರಬ್ಬರ್ ಬುಷ್ ಹಾಕಿಸಲಿ, ರಾತ್ರಿ 10ರ ಮೇಲೆ ಮಿಕ್ಸಿ ಓಡಿಸದಿರಲಿ ಎಂದು ಬಿಡಿಸಿ ಕೇಳಿ. ಮೇಲಿನವರು ಬಾಡಿಗೆಗಿದ್ದರೆ ಮನೆ ಮಾಲೀಕರಿಗೂ ಒಂದು ಪ್ರತಿ ಕಳಿಸಿ.