ಹೊಸ ಎನ್‌ವಿಎಂಇ ಡ್ರೈವ್ ಕಾಣದಿದ್ದಾಗ

ಹೊಸ ಡ್ರೈವ್ ಬಯಾಸ್‌ನಲ್ಲೂ ಇಲ್ಲವೇ, ಇನ್‌ಸ್ಟಾಲರ್‌ನಲ್ಲಿ ಮಾತ್ರ ಇಲ್ಲವೇ ಎಂಬುದನ್ನು ಮೊದಲು ತಿಳಿಯಬೇಕು. ಖಾಲಿ ಡ್ರೈವ್ ಬೂಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ಸ್ಟೋರೇಜ್ ಪುಟವನ್ನೇ ನೋಡಬೇಕು.

ಅಲ್ಲೂ ಇಲ್ಲದಿದ್ದರೆ ಅನುಮಾನ ಸ್ಲಾಟ್‌ನ ಮೇಲೆ. ವಿದ್ಯುತ್ ಪೂರ್ತಿ ಕಡಿದು, ಡ್ರೈವನ್ನು ತೆಗೆದು, ಓರೆಯಾಗಿ ಒಳಕ್ಕೆ ತಳ್ಳಿ ಮತ್ತೆ ಕೂರಿಸಬೇಕು. ಆದರೂ ಕಾಣದಿದ್ದರೆ ಮದರ್‌ಬೋರ್ಡ್ ಕೈಪಿಡಿ ತೆರೆಯಬೇಕು: ಕೆಲವು ಎಂ.2 ಸ್ಲಾಟ್‌ಗಳು ಸಾಟಾ ಡ್ರೈವ್‌ಗಳಿಗೆ ಮಾತ್ರ. ಎನ್‌ವಿಎಂಇ ಅದರಲ್ಲಿ ಸರಿಯಾಗಿ ಕೂತರೂ ಕೆಲಸ ಮಾಡದು. ಡ್ರೈವೇ ಕೆಟ್ಟಿದೆಯೇ ಎಂಬುದಕ್ಕೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡುವುದೇ ಖಚಿತ ಪರೀಕ್ಷೆ.

ಬಯಾಸ್‌ನಲ್ಲಿ ಹೆಸರು ಕಂಡು, ವಿಂಡೋಸ್ ಇನ್‌ಸ್ಟಾಲರ್‌ನ ಪಟ್ಟಿ ಮಾತ್ರ ಖಾಲಿಯಿದ್ದರೆ ಬಿಚ್ಚುವ ಅಗತ್ಯವೇ ಇಲ್ಲ. ಇಂಟೆಲ್ 11ನೇ ತಲೆಮಾರಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ಅವುಗಳಲ್ಲಿ ಡ್ರೈವ್ VMD ಎಂಬ ನಿಯಂತ್ರಕದ ಹಿಂದಿರುತ್ತದೆ. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದರೆ ಡ್ರೈವ್ ಕಾಣದು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿಕೊಂಡು, ಬಿಡಿಸಿದ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿ, Load driver ಒತ್ತಿ `iaStorVD.inf` ಇರುವ ಫೋಲ್ಡರ್ ತೋರಿಸಿದರೆ ಡ್ರೈವ್ ಪಟ್ಟಿಗೆ ಬರುತ್ತದೆ. ಬಯಾಸ್‌ನಲ್ಲಿ VMD ಆರಿಸುವುದೂ ಒಂದು ದಾರಿಯೇ. ಆದರೆ ಅದೇ ಯಂತ್ರದಲ್ಲಿ ಹಳೆಯ ವಿಂಡೋಸ್ ಇದ್ದರೆ ಅದು ಬೂಟ್ ಆಗದೆ ನಿಲ್ಲಬಹುದು.